ಹತ್ತೂವರೆ ಅಂದರೆ ಎಷ್ಟು ಗಂಟೆ?

ಕೆಲವು ವರ್ಷಗಳ ಹಿಂದಿನ ನವೆಂಬರ್. ನಮ್ಮ ಕಾಲೇಜಿನ ಕನ್ನಡ ಸಂಘದ ಉದ್ಘಾಟನೆ. ಆಹ್ವಾನ ಪತ್ರಿಕೆಯಲ್ಲಿ ‘ಬೆಳಿಗ್ಗೆ 10.30ಕ್ಕೆ’ ಎಂದು ಅಚ್ಚಾಗಿತ್ತು. ಮುಖ್ಯ ಅತಿಥಿ ಶಿವಮೊಗ್ಗದವರು. ನಿವೃತ್ತ ಅಧ್ಯಾಪಕಿ, ಊರೂರು ಸುತ್ತಿ ಜನಪದ ಕಥೆ ಸಂಗ್ರಹಿಸಿದವರು. ಎಪ್ಪತ್ತು ಕಿಲೋಮೀಟರ್ ದಾರಿ ಸವೆಸಿ 10.20ಕ್ಕೇ ಕಾಲೇಜಿನ ಗೇಟಿನಲ್ಲಿ ಇಳಿದರು. ಆಗ ಸಭಾಂಗಣದಲ್ಲಿ ಇದ್ದವರು ಇಬ್ಬರೇ. ಒಬ್ಬರು ಕುರ್ಚಿ ಹಾಕುತ್ತಿದ್ದ ಅಟೆಂಡರ್, ಇನ್ನೊಬ್ಬ ‘ಹಲೋ, ಚೆಕ್, ಒನ್ ಟೂ ತ್ರೀ’ ಎಂದು ಮೈಕಿಗೆ ಊದುತ್ತಿದ್ದ ಹುಡುಗ.

ಅವರನ್ನು ಪ್ರಾಂಶುಪಾಲರ ಕೊಠಡಿಯಲ್ಲಿ ಕೂರಿಸಿದೆವು. ಒಂದು ಕಾಫಿ ಆಯಿತು. ‘ಹುಡುಗರೆಲ್ಲ ಬರ್ತಾ ಇದ್ದಾರೆ ಮೇಡಂ’ ಎಂದೆವು. ಇನ್ನೊಂದು ಕಾಫಿ ಆಯಿತು. ‘ಅಧ್ಯಕ್ಷರು ದಾರಿಯಲ್ಲಿದ್ದಾರೆ ಮೇಡಂ’ ಎಂದೆವು. ಮೂರನೆಯದಕ್ಕೆ ಅವರೇ ಕೈ ಅಡ್ಡ ಹಿಡಿದರು. ಕಾರ್ಯಕ್ರಮ ಶುರುವಾದಾಗ 11.35. ಅವರ ಹೆಸರು ಕರೆದು ಮೈಕಿನ ಮುಂದೆ ನಿಲ್ಲಿಸಿದಾಗ 12.50. ಹಳ್ಳಿಯ ಮಕ್ಕಳ ಬಸ್ಸು 1.10ಕ್ಕೆ. ಅವರು ಮೊದಲ ಕಥೆಯ ನಡುವಿನಲ್ಲಿದ್ದಾಗಲೇ ಹಿಂದಿನ ಸಾಲಿನಲ್ಲಿ ಬ್ಯಾಗುಗಳು ಹೆಗಲೇರತೊಡಗಿದವು. ನಲವತ್ತು ನಿಮಿಷದ ಮಾತಿಗೆ ಟಿಪ್ಪಣಿ ಮಾಡಿಕೊಂಡು ಬಂದಿದ್ದ ಆ ಹಿರಿಯರು ಹನ್ನೊಂದೇ ನಿಮಿಷಕ್ಕೆ ಮುಗಿಸಿ, ಅರ್ಧ ಖಾಲಿಯಾದ ಸಭೆಗೆ ಕೈ ಮುಗಿದು ಕೂತರು.

ಕಾರು ಹತ್ತುವಾಗ ನನ್ನ ಕಡೆ ತಿರುಗಿ ನಗುತ್ತಲೇ ಹೇಳಿದರು: “ನೋಡಿ ಮೇಷ್ಟ್ರೇ, ನೀವು ನನ್ನನ್ನು ಕರೆದದ್ದು ಹತ್ತೂವರೆಗಲ್ಲ, ಹನ್ನೆರಡೂ ಐವತ್ತಕ್ಕೆ. ಹಾಗಂತಲೇ ಬರೆದಿದ್ದರೆ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬರ್ತಿದ್ದೆ.”

ಆ ಸಭೆಯ ಸಂಚಾಲಕ ನಾನೇ. ಆಹ್ವಾನ ಪತ್ರ ಬರೆದವನೂ ನಾನೇ.

ಎರಡು ಗಂಟೆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು?

ಆ ರಾತ್ರಿ ಕಾರ್ಯಕ್ರಮದ ಹಾಳೆ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಶುರುವಾಗಿದ್ದೇ 65 ನಿಮಿಷ ತಡ. ಉಳಿದದ್ದು 75 ನಿಮಿಷ. ಅದು ಹೀಗೆ ಕರಗಿತ್ತು: ಪ್ರಾರ್ಥನೆ ಮತ್ತು ನಾಡಗೀತೆಗೆ 6, ಸ್ವಾಗತಕ್ಕೆ 14, ದೀಪ ಬೆಳಗಲು 9, ಪ್ರಾಸ್ತಾವಿಕ ನುಡಿಗೆ 15, ಅತಿಥಿಯ ಪರಿಚಯಕ್ಕೆ 12, ವೇದಿಕೆಯಲ್ಲಿದ್ದ ಮೂವರು ಗಣ್ಯರ ‘ಎರಡೆರಡು ಮಾತಿಗೆ’ 19. ಇವುಗಳಲ್ಲಿ ಯಾವುದನ್ನೂ ಯಾರೂ ಬೇಕೆಂದು ಎಳೆದಿರಲಿಲ್ಲ. ಪ್ರತಿಯೊಬ್ಬರೂ ‘ಇನ್ನೂ ಟೈಮ್ ಇದೆ’ ಎಂದುಕೊಂಡಿದ್ದರು. ಆ ಟೈಮೆಲ್ಲ ಮುಖ್ಯ ಅತಿಥಿಯ ಜೇಬಿನಿಂದ ಹೋಗುತ್ತಿತ್ತು.

ತಪ್ಪಿನ ಬೇರು ಇದ್ದದ್ದು ನಮ್ಮ ಪತ್ರದಲ್ಲಿ. ಅದರಲ್ಲಿ ಒಂದೇ ಒಂದು ಸಮಯವಿತ್ತು. ಆ ‘10.30’ನ್ನು ಅತಿಥಿ ‘ಅಷ್ಟರೊಳಗೆ ನಾನು ಅಲ್ಲಿರಬೇಕು’ ಎಂದು ಓದಿಕೊಂಡರು. ವಿದ್ಯಾರ್ಥಿಗಳು ‘ಎರಡನೇ ಪೀರಿಯಡ್ ಇರಲ್ಲ’ ಎಂದು ಓದಿಕೊಂಡರು. ಅಧ್ಯಕ್ಷರು ‘ಹನ್ನೊಂದಕ್ಕೆ ಹೊರಟರಾಯಿತು’ ಎಂದು ಓದಿಕೊಂಡರು. ನಿಜಕ್ಕೂ ಅತಿಥಿಗೆ ತಿಳಿಸಬೇಕಾದ್ದು ಮೂರು ಬೇರೆ ಬೇರೆ ಸಂಗತಿ: ಎಷ್ಟು ಹೊತ್ತಿಗೆ ಬಂದು ತಲುಪಬೇಕು, ಎಷ್ಟು ಹೊತ್ತಿಗೆ ಎದ್ದು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು. ಈ ಮೂರನ್ನೂ ಬರೆಯಬೇಕಾದರೆ ಇಡೀ ಕಾರ್ಯಕ್ರಮವನ್ನು ಮೊದಲೇ ನಿಮಿಷಗಳಲ್ಲಿ ಹೊಲಿದಿಟ್ಟಿರಬೇಕು. ನಾವು ಆ ಕೆಲಸ ತಪ್ಪಿಸಿಕೊಳ್ಳಲೆಂದೇ ‘ಕಾರ್ಯಕ್ರಮ 10.30ಕ್ಕೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಲೆಕ್ಕ ಶುರುವಾಗುವುದು ಬಸ್ಸಿನಿಂದ

ಮುಂದಿನ ವರ್ಷ ಅದೇ ಅತಿಥಿಯನ್ನು ಮತ್ತೆ ಕರೆಯಬೇಕೆಂದು ಹುಡುಗಿಯರು ಹಟ ಹಿಡಿದರು. ಕಥೆ ಅರ್ಧಕ್ಕೆ ನಿಂತಿತ್ತಲ್ಲ! ಈ ಸಲ ನಾನು ಲೆಕ್ಕವನ್ನು ಕೊನೆಯಿಂದ ಶುರುಮಾಡಿದೆ.

ತಾಲೂಕು ಕೇಂದ್ರದ ಕಾಲೇಜಿನಲ್ಲಿ ಸಭೆ ಮುಗಿಯುವ ಹೊತ್ತನ್ನು ಪ್ರಾಂಶುಪಾಲರು ನಿರ್ಧರಿಸುವುದಿಲ್ಲ, ಬಸ್ಸು ನಿರ್ಧರಿಸುತ್ತದೆ. ನಮ್ಮಲ್ಲಿ ಬಸ್ಸು 1.10ಕ್ಕೆ. ಬಸ್‌ಸ್ಟ್ಯಾಂಡಿಗೆ ನಡೆಯಲು ಹದಿನೈದು ನಿಮಿಷ, ಡಬ್ಬಿ ಬಿಚ್ಚಿ ಉಣ್ಣಲು ಇಪ್ಪತ್ತು ನಿಮಿಷ, ಸಭಾಂಗಣದಿಂದ ಎಲ್ಲರೂ ಹೊರಬರಲು ಮತ್ತಷ್ಟು. ಅಂದರೆ 12.20ಕ್ಕೆ ರಾಷ್ಟ್ರಗೀತೆ ಮುಗಿದಿರಬೇಕು. ಬೆಳಗಿನ ಬಸ್ಸು ಮಕ್ಕಳನ್ನು ಇಳಿಸುವುದು 9.45ಕ್ಕೆ. ಹಾಜರಿ ಹಾಕಿ ಅವರನ್ನು ಸಭಾಂಗಣಕ್ಕೆ ಕರೆತಂದು ಕೂರಿಸಲು 10.40 ಆಗುತ್ತದೆ. ಆದ್ದರಿಂದ 10.45ಕ್ಕಿಂತ ಮೊದಲು ಶುರುಮಾಡುತ್ತೇವೆ ಎನ್ನುವುದು ಬರೀ ಆಸೆ. ಕೈಯಲ್ಲಿರುವುದು 95 ನಿಮಿಷ. ಎಲ್ಲವೂ ಅಷ್ಟರಲ್ಲೇ ಆಗಬೇಕು.

ಇನ್ನೊಂದು ಗಡಿಯಾರವೂ ಇದೆ, ಅದು ಪಂಚಾಂಗದ್ದು. ಹಿಂದಿನ ವರ್ಷದ ಸಭೆ ಶುಕ್ರವಾರವಿತ್ತು. ಶುಕ್ರವಾರ 10.30ರಿಂದ 12ರವರೆಗೆ ರಾಹುಕಾಲ. ‘ಹನ್ನೆರಡರ ತನಕ ದೀಪ ಹಚ್ಚೋದು ಬೇಡ’ ಎಂದು ಹಿರಿಯರೊಬ್ಬರು ಮೆಲ್ಲಗೆ ಹೇಳಿದ್ದು, ಅದರ ಸುತ್ತ ಕಾಲು ಗಂಟೆ ಪಿಸುಪಿಸು ನಡೆದದ್ದು ನೆನಪಿತ್ತು. ನಂಬಿಕೆಯ ವಾದಕ್ಕೆ ವೇದಿಕೆಯ ಹಿಂದೆ ಜಾಗವೂ ಇಲ್ಲ, ಸಮಯವೂ ಇಲ್ಲ. ಗುರುವಾರ ರಾಹುಕಾಲ ಮಧ್ಯಾಹ್ನ 1.30ರಿಂದ 3ರವರೆಗೆ. ಸಭೆಯನ್ನು ಗುರುವಾರಕ್ಕೆ ಇಟ್ಟೆ. ವಾದ ಹುಟ್ಟಲೇ ಇಲ್ಲ.

ಒಂದು ಕುರ್ಚಿಯ ಬೆಲೆ

ನಿಮಿಷಗಳನ್ನು ಅತಿ ಹೆಚ್ಚು ತಿನ್ನುವುದು ವೇದಿಕೆಯ ಕುರ್ಚಿಗಳು. ಒಂದು ಕುರ್ಚಿ ಹೆಚ್ಚಾದರೆ ಏನಾಗುತ್ತದೆ ನೋಡಿ. ಸ್ವಾಗತ ಮಾಡುವವರು ಅವರ ಹೆಸರು, ಹುದ್ದೆ, ಎರಡು ವಿಶೇಷಣ ಹೇಳಬೇಕು, ಒಬ್ಬ ವಿದ್ಯಾರ್ಥಿನಿ ಬಂದು ಹೂ ಕೊಡಬೇಕು, ಫೋಟೋ ತೆಗೆಯುವವನು ‘ಸರ್, ಈ ಕಡೆ’ ಎನ್ನಬೇಕು. ಅಲ್ಲಿಗೆ ಮುಕ್ಕಾಲು ನಿಮಿಷ. ಆಮೇಲೆ ಮಾತಾಡುವ ಪ್ರತಿಯೊಬ್ಬರೂ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುಮಾಡಿ ಆ ಹೆಸರನ್ನು ಇನ್ನೊಮ್ಮೆ ಹೇಳುತ್ತಾರೆ. ವಂದನಾರ್ಪಣೆಯಲ್ಲಿ ಮತ್ತೊಮ್ಮೆ. ನಡುವೆ ನಿರೂಪಕರಿಗೆ ಸಂಕೋಚವಾಗಿ ‘ಈಗ ಎರಡು ಮಾತು’ ಎಂದು ಕರೆದುಬಿಟ್ಟರೆ ಇನ್ನು ಐದಾರು ನಿಮಿಷ. ಒಟ್ಟಿನಲ್ಲಿ ಒಂದು ಕುರ್ಚಿಗೆ ಏಳೆಂಟು ನಿಮಿಷ. ಹಿಂದಿನ ವರ್ಷ ನಮ್ಮಲ್ಲಿ ಒಂಬತ್ತು ಕುರ್ಚಿಗಳಿದ್ದವು.

ಈ ಸಲ ನಾಲ್ಕು: ಮುಖ್ಯ ಅತಿಥಿ, ಅಧ್ಯಕ್ಷತೆ ವಹಿಸುವ ಪ್ರಾಂಶುಪಾಲರು, ಸಂಘದ ವಿದ್ಯಾರ್ಥಿ ಅಧ್ಯಕ್ಷೆ, ಸಂಚಾಲಕನಾಗಿ ನಾನು. ಉಳಿದ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಹೆಸರು ಬರೆದ ಆಸನ. ಬಹುಮಾನ ಕೊಡಲು ಅವರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವುದೆಂದು ಮೊದಲೇ ಹೇಳಿದೆವು. ಯಾರೂ ಮುನಿಸಿಕೊಳ್ಳಲಿಲ್ಲ. ವೇದಿಕೆಯಲ್ಲಿ ಸುಮ್ಮನೆ ಒಂದೂವರೆ ಗಂಟೆ ಕೂರುವುದಕ್ಕಿಂತ ತಮ್ಮ ಕೈಯಿಂದ ಬಹುಮಾನ ಕೊಟ್ಟು ಫೋಟೋದಲ್ಲಿ ಬರುವುದು ಅವರಿಗೂ ಹಿತವೇ.

ಎರಡನೆಯ ಉಳಿತಾಯ, ಉದ್ಘಾಟಕರು ಮತ್ತು ಮುಖ್ಯ ಅತಿಥಿ ಒಬ್ಬರೇ ಆಗಿದ್ದು. ಉದ್ಘಾಟಕರು ಬೇರೆ ಇದ್ದರೆ ದೀಪ ಹಚ್ಚಿದ ಮೇಲೆ ಅವರದೊಂದು ಉದ್ಘಾಟನಾ ಭಾಷಣ ಆಗಲೇಬೇಕು. ಅವರು ಕನ್ನಡದ ಹಿರಿಮೆಯಿಂದ ಶುರುಮಾಡಿ ಅತಿಥಿ ಹೇಳಬೇಕೆಂದಿದ್ದ ಅರ್ಧವನ್ನು ಹೇಳಿ ಮುಗಿಸಿರುತ್ತಾರೆ. ಇನ್ನೂ ಫಜೀತಿಯೆಂದರೆ ಆಹ್ವಾನ ಪತ್ರಿಕೆಯಲ್ಲಿ ‘ಮುಖ್ಯ ಅತಿಥಿಗಳು’ ಎಂಬ ತಲೆಬರಹದ ಕೆಳಗೆ ಐದು ಹೆಸರಿರುವುದು. ತಾನೊಬ್ಬನೇ ಮುಖ್ಯ ಅತಿಥಿ ಎಂದು ತಯಾರಾಗಿ ಬಂದವರಿಗೆ ತಾನು ಐವರಲ್ಲಿ ನಾಲ್ಕನೆಯವನೆಂದು ತಿಳಿಯುವುದು ಬ್ಯಾನರ್ ನೋಡಿದಾಗ. ಹೀಗಾಗಿ ವೇದಿಕೆಯಲ್ಲಿ ಯಾರಿರುತ್ತಾರೆ, ಯಾರು ಮಾತಾಡುತ್ತಾರೆ ಎಂಬುದನ್ನು ಪತ್ರದಲ್ಲೇ ತಿಳಿಸಬೇಕು.

ಸಂಘದ ಸಭೆಗೆ ಪ್ರಾಂಶುಪಾಲರ ಅಧ್ಯಕ್ಷತೆ ಸಾಕು. ವಾರ್ಷಿಕೋತ್ಸವದ ಕಥೆ ಬೇರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಸ್ಥಳೀಯ ಶಾಸಕರೇ ಅಧ್ಯಕ್ಷರು. ಆ ದಿನದ ಅಧ್ಯಕ್ಷತೆಯೂ ಅವರದೇ. ಅವರಿಗೆ ಅದೇ ದಿನ ಇನ್ನು ನಾಲ್ಕು ಕಡೆ ಶಂಕುಸ್ಥಾಪನೆ, ಮದುವೆ, ಸಾವು ನೋವು ಇರುತ್ತವೆ. ಅತಿಥಿ ಮಾತಾಡುತ್ತಿರುವಾಗಲೇ ಅವರು ಬಂದರೆ ಸಭೆ ಎದ್ದು ನಿಲ್ಲುತ್ತದೆ, ಹಾರ ಬರುತ್ತದೆ, ಮಾತಿನ ಎಳೆ ಕಡಿಯುತ್ತದೆ. ಇದಕ್ಕೆ ಇರುವ ದಾರಿಯೆಂದರೆ ಅವರ ಆಪ್ತ ಸಹಾಯಕರ ಜೊತೆ ಮೊದಲೇ ಮಾತಾಡಿ, ‘ಸಾಹೇಬರು ಹನ್ನೆರಡಕ್ಕೆ ಬಂದರೆ ನೇರ ಅಧ್ಯಕ್ಷೀಯ ಮಾತು, ಹತ್ತು ನಿಮಿಷದಲ್ಲಿ ಹೊರಡಬಹುದು’ ಎಂದು ತಿಳಿಸುವುದು. ಕಾಯಿಸದೆ ಕಳುಹಿಸುವ ಸಭೆ ಅವರಿಗೂ ಬೇಕಾಗಿರುತ್ತದೆ.

95 ನಿಮಿಷದ ಹೊಲಿಗೆ

ಕೊನೆಗೆ ಸಿದ್ಧವಾದ ಹಾಳೆ ಹೀಗಿತ್ತು:

10.45 – ನಾಡಗೀತೆ (3 ನಿಮಿಷ)
10.48 – ಸ್ವಾಗತ (6)
10.54 – ದೀಪ ಬೆಳಗಿ ಉದ್ಘಾಟನೆ (5)
10.59 – ಪ್ರಾಸ್ತಾವಿಕ ನುಡಿ (6)
11.05 – ಅತಿಥಿ ಪರಿಚಯ (3)
11.10 – ಮುಖ್ಯ ಅತಿಥಿಯ ಮಾತು (30)
11.40 – ವಿದ್ಯಾರ್ಥಿಗಳ ಪ್ರಶ್ನೆ (10)
11.50 – ಬಹುಮಾನ ವಿತರಣೆ (12)
12.02 – ಅತಿಥಿಗೆ ಗೌರವ ಸಮರ್ಪಣೆ (4)
12.06 – ಅಧ್ಯಕ್ಷೀಯ ಮಾತು (8)
12.14 – ವಂದನಾರ್ಪಣೆ (4)
12.18 – ರಾಷ್ಟ್ರಗೀತೆ

ಈ ಪಟ್ಟಿಯಲ್ಲಿ ಸರ್ಕಾರವೇ ಅಳತೆ ಕೊಟ್ಟಿರುವುದು ಎರಡಕ್ಕೆ. ರಾಷ್ಟ್ರಗೀತೆಗೆ 52 ಸೆಕೆಂಡು. ಕುವೆಂಪು ಅವರ ನಾಡಗೀತೆಗೆ ಎರಡೂವರೆ ನಿಮಿಷ. ಒಬ್ಬೊಬ್ಬರು ಒಂದೊಂದು ಧಾಟಿಯಲ್ಲಿ, ಸಾಲುಗಳನ್ನು ಮತ್ತೆ ಮತ್ತೆ ಹಾಡಿ ಎಳೆಯುತ್ತಿದ್ದ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಹಾಡುವ ತಂಡಕ್ಕೆ ಹಿಂದಿನ ದಿನ ಗಡಿಯಾರ ಹಿಡಿದು ಒಮ್ಮೆ ಹಾಡಿಸಿದರೆ ಸಾಕು, ಮೂರು ನಿಮಿಷ ಮೀರುವುದಿಲ್ಲ. ಉಳಿದ ಹತ್ತಕ್ಕೆ ಅಳತೆ ನಾವೇ ಕೊಡಬೇಕು.

ದೀಪಕ್ಕೆ ಐದು ನಿಮಿಷ ಯಾಕೆ ಎಂದು ಕೇಳಬಹುದು. ಹಿಂದಿನ ವರ್ಷ ಒಂಬತ್ತು ತೆಗೆದುಕೊಂಡಿತ್ತು. ಒಣ ಬತ್ತಿ, ಮೇಲೆ ಗಿರಗಿರ ತಿರುಗುವ ಫ್ಯಾನು, ಅತಿಥಿಯ ಕೈಯಲ್ಲಿ ಬಾಗಿ ಆರಿಹೋಗುವ ಮೇಣದಬತ್ತಿ, ‘ಯಾರಾದ್ರೂ ಬೆಂಕಿಪೊಟ್ಟಣ ತನ್ನಿ’ ಎಂಬ ಕೂಗು. ಈ ಸಲ ಬತ್ತಿಗಳನ್ನು ಬೆಳಿಗ್ಗೆಯೇ ಎಣ್ಣೆಯಲ್ಲಿ ನೆನೆಸಿಟ್ಟು, ತುದಿಗೆ ಚೂರು ಕರ್ಪೂರ ಸವರಿ, ಫ್ಯಾನಿನ ಸ್ವಿಚ್ಚಿನ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿದೆವು. ಎರಡು ನಿಮಿಷಕ್ಕೆ ಐದೂ ಬತ್ತಿ ಹತ್ತಿಕೊಂಡವು.

ಪರಿಚಯಕ್ಕೆ ಮೂರೇ ನಿಮಿಷ. ಹಿಂದಿನ ಸಲ ಅತಿಥಿ ಕಳುಹಿಸಿದ್ದ ನಾಲ್ಕು ಪುಟದ ಸ್ವವಿವರವನ್ನು ವಿದ್ಯಾರ್ಥಿನಿ ಮೊದಲಿಂದ ಕೊನೆಯವರೆಗೆ ಓದಿದ್ದಳು, ಓದುವ ಹಾಳೆಯೊಳಗೆ ಮುಖ ಹುದುಗಿಸಿಕೊಂಡು. ಇಂಥ ಪ್ರಶಸ್ತಿ, ಇಂಥ ಸಮಿತಿ, ಇಂಥ ವಿಚಾರ ಸಂಕಿರಣ. ಅತಿಥಿ ನೆಲ ನೋಡುತ್ತ ಕೂತಿದ್ದರು. ಈ ಸಲ ಅವಳಿಗೆ ಹೇಳಿದೆ: ಎಲ್ಲಿಯವರು, ಏನು ಮಾಡಿದ್ದಾರೆ, ಇವತ್ತು ನಾವು ಅವರ ಮಾತು ಯಾಕೆ ಕೇಳಬೇಕು, ಈ ಮೂರನ್ನು ಮಾತ್ರ ಬರೆದುಕೊಂಡು ಬಾ. ಅರ್ಧ ಪುಟವಾಯಿತು. ಗಟ್ಟಿಯಾಗಿ ಓದಿಸಿದಾಗ ಎರಡು ನಿಮಿಷ ನಲವತ್ತು ಸೆಕೆಂಡು.

ಬಹುಮಾನ ವಿತರಣೆಯನ್ನು ಮಾತಿನ ನಂತರ ಇಟ್ಟಿದ್ದಕ್ಕೆ ಎರಡು ಕಾರಣ. ಮೊದಲೇ ಕೊಟ್ಟುಬಿಟ್ಟರೆ ಬಹುಮಾನ ಬಂದವರು ಅದನ್ನು ಗೆಳೆಯರಿಗೆ ತೋರಿಸಲು, ಬಾರದವರು ಬೇಸರ ಕಳೆಯಲು ಹೊರಗೆ ಹೋಗುತ್ತಾರೆ. ಇನ್ನೊಂದು ಕಾರಣ, ಬಹುಮಾನ ವಿತರಣೆ ನಮ್ಮ ಸ್ಟೆಪ್ನಿ. ದಾರಿಯಲ್ಲಿ ಅತಿಥಿಯ ಕಾರು ಪಂಕ್ಚರ್ ಆಗಿ ಇಪ್ಪತ್ತು ನಿಮಿಷ ತಡವಾದರೆ ಅದನ್ನು ಹಿಂದಕ್ಕೆ ಎಳೆದು ಮೊದಲೇ ಮುಗಿಸಬಹುದು. ಅತಿಥಿಯ ಮೂವತ್ತು ನಿಮಿಷ ಹಾಗೇ ಉಳಿಯುತ್ತದೆ, ಬಸ್ಸೂ ತಪ್ಪುವುದಿಲ್ಲ.

ಬರುವ ಹೊತ್ತು

ಕಾರ್ಯಕ್ರಮ 10.45ಕ್ಕೆ ಆದರೆ ಅತಿಥಿ ಎಷ್ಟಕ್ಕೆ ತಲುಪಬೇಕು? ಕಾರ್ಯಕ್ರಮದ ಹೊತ್ತಿಗೇ ಬಂದರೆ ಕಾರಿನಿಂದ ಇಳಿದವರನ್ನು ನೇರ ವೇದಿಕೆಗೆ ಹತ್ತಿಸಬೇಕಾಗುತ್ತದೆ. ಒಂದು ಗಂಟೆ ಮೊದಲು ಬಂದರೆ ಮೂರು ಕಾಫಿಯ ಕಥೆ. ನನ್ನ ಅನುಭವದಲ್ಲಿ ಇಪ್ಪತ್ತೈದು ನಿಮಿಷ ಸರಿಯಾದ ಅಳತೆ. ಪ್ರಯಾಣ ಮಾಡಿ ಬಂದವರು ಮುಖ ತೊಳೆಯಬೇಕು, ಶೌಚಾಲಯಕ್ಕೆ ಹೋಗಬೇಕು. ಹೆಣ್ಣುಮಕ್ಕಳ ಶೌಚಾಲಯದ ಕೀಲಿ ಯಾರ ಬಳಿ ಇದೆ ಎಂದು ಆಗ ಹುಡುಕಬಾರದು. ಒಂದು ಕಾಫಿ, ಪ್ರಾಂಶುಪಾಲರ ಜೊತೆ ಎರಡು ಮಾತು. ಮಿಕ್ಕ ಐದು ನಿಮಿಷದಲ್ಲಿ ಸಭಾಂಗಣ ಹೇಗಿದೆ, ಮೈಕು ನಿಂತು ಮಾತಾಡುವಂಥದ್ದೇ, ಕೇಳುವವರು ಪದವಿಯ ಮೊದಲ ವರ್ಷದವರೇ, ಕಲಾ ವಿಭಾಗದವರೇ ಎಂದು ತಿಳಿದುಕೊಳ್ಳುತ್ತಾರೆ.

ಆದ್ದರಿಂದ 10.20. ಶಿವಮೊಗ್ಗದಿಂದ ನಮ್ಮೂರಿಗೆ ಕಾರಿನಲ್ಲಿ ಒಂದೂವರೆ ಗಂಟೆ. ಊರು ದಾಟುವ ಗದ್ದಲ, ದಾರಿಯಲ್ಲೊಂದು ಚಹಾ ಸೇರಿಸಿ ಎರಡು ಗಂಟೆ. ಕಾರು ಅವರ ಮನೆ ಬಾಗಿಲಲ್ಲಿ 8.15ಕ್ಕೆ ಇರಬೇಕು. ಈ ‘8.15’ ಕೂಡ ಪತ್ರದಲ್ಲಿ ಇರಬೇಕು. ಯಾಕೆಂದರೆ ಅತಿಥಿಯ ದಿನ ಶುರುವಾಗುವುದು ನಮ್ಮ ಗೇಟಿನಲ್ಲಲ್ಲ, ಅವರ ಮನೆಯ ಹೊಸ್ತಿಲಲ್ಲಿ. ಅವರು ಹಿಂತಿರುಗಿ ಮನೆ ಸೇರುವ ಹೊತ್ತೂ ಅಷ್ಟೇ ಮುಖ್ಯ.

ಪತ್ರ

ನವೆಂಬರ್ ತಿಂಗಳು ಪೂರ್ತಿ ರಾಜ್ಯೋತ್ಸವವೇ ಆದ್ದರಿಂದ ಕನ್ನಡದಲ್ಲಿ ಚೆನ್ನಾಗಿ ಮಾತಾಡುವವರ ಡೈರಿ ಅಕ್ಟೋಬರಿನಲ್ಲೇ ತುಂಬಿಬಿಡುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಫೋನ್ ಮಾಡಿ ಒಪ್ಪಿಗೆ ಪಡೆದೆ. ಫೋನಿನಲ್ಲಿ ಒಪ್ಪಿದ ದಿನವೇ ಪತ್ರ ಹೊರಟಿತು. ಫೋನಿನ ಮಾತು ಮರೆತುಹೋಗುತ್ತದೆ, ಪತ್ರ ಡೈರಿಯೊಳಗೆ ಉಳಿಯುತ್ತದೆ. ಹೀಗಿತ್ತು ಆ ಪತ್ರ:

*ಮಾನ್ಯರೇ,*

*ನಮ್ಮ ಕಾಲೇಜಿನ ಕನ್ನಡ ಸಂಘದ ಈ ಸಾಲಿನ ಉದ್ಘಾಟನೆ ನವೆಂಬರ್ 20, ಗುರುವಾರ ನಡೆಯಲಿದೆ. ತಾವು ಮುಖ್ಯ ಅತಿಥಿಗಳಾಗಿ ಬಂದು ಸಂಘವನ್ನು ಉದ್ಘಾಟಿಸಿ, ‘ಅಜ್ಜಿ ಹೇಳಿದ ಕಥೆ, ನಾವು ಬರೆಯುವ ಕಥೆ’ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ವಿನಂತಿಸುತ್ತೇವೆ.*

*ಬೆಳಿಗ್ಗೆ 8.15ಕ್ಕೆ ಕಾರು ತಮ್ಮ ಮನೆಗೆ ಬರುತ್ತದೆ. ತಾವು 10.20ಕ್ಕೆ ಕಾಲೇಜು ತಲುಪಿದರೆ ಅನುಕೂಲ. ಕಾರ್ಯಕ್ರಮ 10.45ಕ್ಕೆ ಆರಂಭವಾಗುತ್ತದೆ. ತಮ್ಮ ಮಾತು 11.10ಕ್ಕೆ. ಮಾತಿಗೆ 30 ನಿಮಿಷ, ನಂತರ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ 10 ನಿಮಿಷ ಇಟ್ಟಿದ್ದೇವೆ. 25ನೇ ನಿಮಿಷಕ್ಕೆ ಮುಂದಿನ ಸಾಲಿನಿಂದ ಒಂದು ಚೀಟಿ ಬರುತ್ತದೆ, ದಯವಿಟ್ಟು ಅನ್ಯಥಾ ಭಾವಿಸಬಾರದು. ಹಳ್ಳಿಯ ಮಕ್ಕಳಿಗೆ 1.10ಕ್ಕೆ ಬಸ್ಸು ಇರುವುದರಿಂದ ಕಾರ್ಯಕ್ರಮ 12.20ಕ್ಕೆ ಮುಗಿಯಲೇಬೇಕಾಗಿದೆ.*

*ವೇದಿಕೆಯಲ್ಲಿ ತಮ್ಮೊಂದಿಗೆ ಪ್ರಾಂಶುಪಾಲರು, ಸಂಘದ ವಿದ್ಯಾರ್ಥಿ ಅಧ್ಯಕ್ಷೆ ಮತ್ತು ಸಂಚಾಲಕರು ಇರುತ್ತಾರೆ. ಕೇಳುವವರು ಪದವಿ ತರಗತಿಯ ಸುಮಾರು ಇನ್ನೂರು ವಿದ್ಯಾರ್ಥಿಗಳು. ಊಟ ಮುಗಿಸಿ 1.30ಕ್ಕೆ ಹೊರಟರೆ 3.30ರೊಳಗೆ ತಾವು ಮನೆ ಸೇರಬಹುದು. ಕಾಲೇಜಿನ ನಿಯಮದಂತೆ ಕೊಡಬಹುದಾದ ಗೌರವ ಸಂಭಾವನೆಯ ವಿವರ ಇದರೊಂದಿಗಿದೆ.*

*ವಂದನೆಗಳೊಂದಿಗೆ,*
*ಸಂಚಾಲಕರು, ಕನ್ನಡ ಸಂಘ*

ಪತ್ರದ ಒಂದೆರಡು ಸಂಗತಿಗೆ ವಿವರಣೆ ಬೇಕು. ತಾರೀಖಿನ ಜೊತೆ ವಾರ ಬರೆಯುವುದು ಕಾವಲಿನ ಕೆಲಸ. 20 ಎನ್ನುವುದು 26 ಆಗಿ ಓದಿಕೊಂಡರೂ ‘ಗುರುವಾರ’ ತಪ್ಪನ್ನು ಹಿಡಿದುಕೊಡುತ್ತದೆ. ಮುಗಿಯುವ ಹೊತ್ತಿಗೆ ಕಾರಣ ಕೊಟ್ಟಿದ್ದೇವೆ. ಬರೀ ‘ಸಮಯ ಪಾಲಿಸಿ’ ಎಂದು ಹಿರಿಯರಿಗೆ ಬರೆದರೆ ಅದು ಆಜ್ಞೆಯಂತೆ ಕೇಳುತ್ತದೆ. ‘ಮಕ್ಕಳಿಗೆ ಬಸ್ಸಿದೆ’ ಎಂದರೆ ಅವರು ಮೇಷ್ಟರಾಗಿ ಅದನ್ನು ತಕ್ಷಣ ಒಪ್ಪುತ್ತಾರೆ. ಸಂಭಾವನೆಯ ಮಾತನ್ನು ನಾವು ಸಂಕೋಚದಿಂದ ನುಂಗಿಕೊಂಡು, ಕೊನೆಗೆ ಕಾರಿನ ಕಿಟಕಿಯಲ್ಲಿ ಕವರ್ ತುರುಕುತ್ತೇವೆ. ಮೊದಲೇ ಬರೆದರೆ ಇಬ್ಬರಿಗೂ ಮುಜುಗರವಿಲ್ಲ.

ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರ ಪ್ರೂಫನ್ನು ವಾಟ್ಸಾಪ್‌ನಲ್ಲಿ ಅತಿಥಿಗೆ ಕಳುಹಿಸಿದೆ. ಹೆಸರಿನ ಇನಿಷಿಯಲ್ಲು ಹಿಂದುಮುಂದಾಗಿದ್ದನ್ನು ಅವರೇ ತೋರಿಸಿದರು. ಬ್ಯಾನರ್ ಬರೆಸಿದ ಮೇಲೆ ತಿಳಿದಿದ್ದರೆ ಬಿಳಿ ಕಾಗದ ಅಂಟಿಸಬೇಕಾಗಿತ್ತು.

ಮೂವತ್ತು ನಿಮಿಷ ಅಂದರೆ ಎಷ್ಟು ಮಾತು?

‘ಎಷ್ಟು ಹೊತ್ತು ಮಾತಾಡಲಿ?’ ಎಂದು ಅತಿಥಿ ಕೇಳಿದಾಗ ನಾವು ಸಾಮಾನ್ಯವಾಗಿ ಹೇಳುವುದು, ‘ನಿಮಗೆ ಇಷ್ಟ ಬಂದಷ್ಟು ಮಾತಾಡಿ ಸರ್, ನಿಮ್ಮ ಮಾತು ಕೇಳೋಕೇ ಬಂದಿದೀವಿ.’ ಇದು ಗೌರವದ ಮಾತಿನಂತೆ ಕಾಣುತ್ತದೆ. ಆದರೆ ಅತಿಥಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಒಂದು ಗಂಟೆಗೆ ತಯಾರಾದವರಿಗೆ ವೇದಿಕೆಯಲ್ಲಿ ನಿರೂಪಕರು ಕಿವಿಯ ಬಳಿ ಬಂದು ‘ಸರ್, ಹತ್ತು ನಿಮಿಷ’ ಎನ್ನುತ್ತಾರೆ. ಆಗ ಅವರು ಪೀಠಿಕೆ ಮುಗಿಸಿ ನೇರ ಉಪಸಂಹಾರಕ್ಕೆ ಹಾರಬೇಕು. ಹೊಟ್ಟೆಯೇ ಇಲ್ಲದ ಭಾಷಣ ಅದು.

ವೇದಿಕೆಯಲ್ಲಿ ನಿಧಾನವಾಗಿ ಮಾತಾಡಿದರೆ ನನಗೆ ನಿಮಿಷಕ್ಕೆ ನೂರು ಪದದ ಆಸುಪಾಸು ಆಗುತ್ತದೆ, ಗಡಿಯಾರ ಇಟ್ಟು ನೋಡಿದ್ದೇನೆ. ಮೂವತ್ತು ನಿಮಿಷಕ್ಕೆ ಮೂರು ಸಾವಿರ ಪದ. ಹಾಳೆಯ ಮೇಲೆ ಅದು ದೊಡ್ಡ ಲೇಖನ, ಆದರೆ ಮಾತಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಆರಂಭದ ಸಂಬೋಧನೆಗೆ ಎರಡು ನಿಮಿಷ, ನಗುವಿಗೆ, ಚಪ್ಪಾಳೆಗೆ, ನೀರು ಕುಡಿಯಲು ಎರಡು ನಿಮಿಷ. ಉಳಿದ ಇಪ್ಪತ್ತಾರರಲ್ಲಿ ಒಂದೊಂದು ಕಥೆಯ ಜೊತೆ ಮೂರು ವಿಚಾರ ಹೇಳಬಹುದು. ನಾಲ್ಕನೆಯದು ತುರುಕಿದರೆ ಗಡಿಬಿಡಿ. ಇದನ್ನು ಅತಿಥಿಗೆ ನಾವು ಪಾಠ ಮಾಡಬೇಕಿಲ್ಲ. ‘ಮೂವತ್ತು ನಿಮಿಷ’ ಎಂಬ ಅಳತೆ ಒಂದು ತಿಂಗಳು ಮೊದಲು ಸಿಕ್ಕರೆ ಮಾತು ಬಲ್ಲವರು ಅದಕ್ಕೆ ತಕ್ಕಂತೆ ಬಟ್ಟೆ ಕತ್ತರಿಸಿಕೊಳ್ಳುತ್ತಾರೆ.

ಚೀಟಿಯ ವಿಷಯ ಪತ್ರದಲ್ಲೇ ಬಂದಿದ್ದರಿಂದ ಅದು ಅವಮಾನವಾಗಲಿಲ್ಲ. ಹೇಳದೇ ಕೇಳದೇ ಚೀಟಿ ಬಂದರೆ ಅತಿಥಿ ಅದನ್ನು ಓದಿ, ‘ಮುಗಿಸಬೇಕಂತೆ’ ಎಂದು ಮೈಕಿನಲ್ಲೇ ಹೇಳುವುದುಂಟು. ಆಗ ಸಭೆ ನಗುತ್ತದೆ, ಸಂಚಾಲಕ ಬೆವರುತ್ತಾನೆ. ನಮ್ಮ ಚೀಟಿ ತಯಾರಾಗಿದ್ದು ಎಲ್ಲರಿಗೂ: ಸ್ವಾಗತಕ್ಕೂ, ಪ್ರಾಸ್ತಾವಿಕಕ್ಕೂ, ಅಧ್ಯಕ್ಷರಿಗೂ. ಎರಡನೇ ಬಿ.ಎ.ಯ ಒಬ್ಬ ಹುಡುಗಿಯನ್ನು ಮುಂದಿನ ಸಾಲಿನ ತುದಿಯಲ್ಲಿ ಕೂರಿಸಿ, ಅವಳ ಕೈಗೆ ಕಾರ್ಯಕ್ರಮದ ಹಾಳೆ ಮತ್ತು ಗಡಿಯಾರ ಕೊಟ್ಟೆವು. ನಿರೂಪಕನಿಗೂ ಒಂದು ಕಟ್ಟುಪಾಡು: ಪ್ರತಿ ಮಾತು ಮುಗಿದಾಗ ಅದರ ಸಾರಾಂಶ ಹೇಳುವ ಹಾಗಿಲ್ಲ, ಕವನದ ಸಾಲು ಉದುರಿಸುವ ಹಾಗಿಲ್ಲ, ಮುಂದಿನವರ ಹೆಸರು ಕರೆದರೆ ಸಾಕು.

ಆ ಗುರುವಾರ

10.18ಕ್ಕೆ ಕಾರು ಬಂತು. ಇಳಿಯುತ್ತಲೇ ಅತಿಥಿ, “ಈ ಸಲ ನೀರು ಬಿಟ್ಟೇ ಬಂದೆ ಮೇಷ್ಟ್ರೇ” ಎಂದರು. ಸಭಾಂಗಣದಲ್ಲಿ ಮಕ್ಕಳು ಕೂತಿದ್ದರು. ಒಂದೇ ಕಾಫಿ ಆಯಿತು. ನಾಡಗೀತೆ 10.46ಕ್ಕೆ. ಅವರು ಹಿಂದಿನ ವರ್ಷ ಅರ್ಧಕ್ಕೆ ಬಿಟ್ಟ ಕಥೆಯಿಂದಲೇ ಮಾತು ಎತ್ತಿಕೊಂಡರು. 25ನೇ ನಿಮಿಷಕ್ಕೆ ಚೀಟಿ ಬಂದಾಗ ಹುಡುಗಿಯತ್ತ ತಲೆಯಾಡಿಸಿ, 31ಕ್ಕೆ ಮುಗಿಸಿದರು. ಹಿಂದಿನ ಸಾಲಿನಲ್ಲಿ ಒಂದು ಬ್ಯಾಗೂ ಅಲ್ಲಾಡಿರಲಿಲ್ಲ. ಪ್ರಶ್ನೆಗೆ ಏಳು ಕೈ ಎದ್ದವು, ನಾಲ್ಕಕ್ಕೆ ಉತ್ತರ ಸಿಕ್ಕಿತು.

ರಾಷ್ಟ್ರಗೀತೆ ಮುಗಿದಾಗ 12.24. ನಾಲ್ಕು ನಿಮಿಷ ತಡ. ಬಸ್ಸು ಯಾರಿಗೂ ತಪ್ಪಲಿಲ್ಲ. ಆದರೂ ಆ ನಾಲ್ಕು ನಿಮಿಷ ಎಲ್ಲಿ ಹೋಯಿತೆಂದು ಸಂಜೆ ಗಡಿಯಾರದ ಹುಡುಗಿಯ ಹಾಳೆ ತರಿಸಿ ನೋಡಿದೆ. ಪ್ರತಿಯೊಂದರ ಎದುರು ಅವಳು ಪೆನ್ಸಿಲಿನಲ್ಲಿ ನಿಜವಾದ ನಿಮಿಷ ಬರೆದಿದ್ದಳು. ಸ್ವಾಗತ 6, ದೀಪ 4, ಪರಿಚಯ 3. ಪ್ರಾಸ್ತಾವಿಕ ನುಡಿಯ ಎದುರು 10 ಎಂದು ಬರೆದು, ಪಕ್ಕದಲ್ಲಿ ಸಣ್ಣಗೆ ‘ಚೀಟಿ ಕೊಟ್ಟೆ ಸರ್’ ಎಂದಿತ್ತು. ಪ್ರಾಸ್ತಾವಿಕ ನನ್ನದು. ಜೇಬಿಗೆ ಕೈ ಹಾಕಿದೆ. ಚೀಟಿ ಅಲ್ಲೇ ಇತ್ತು, ಬಿಡಿಸಿ ನೋಡಿರಲಿಲ್ಲ.